ಒಂದೇ ಜಾಹೀರಾತು, ಮೂರು ಊರು: ಕಲಬುರಗಿಯ ಬರಹವನ್ನು ಬೀದರ್, ಯಾದಗಿರಿಗೆ ಹೊಂದಿಸುವುದು ಹೇಗೆ?

ಕಲಬುರಗಿಯ ಕೂಲರ್ ಅಂಗಡಿಯೊಂದು ಬೀದರ್ ಮತ್ತು ಯಾದಗಿರಿಯಲ್ಲಿ ಶಾಖೆ ತೆರೆದಿದೆ ಎಂದಿಟ್ಟುಕೊಳ್ಳೋಣ. ಬೇಸಿಗೆ ಹತ್ತಿರ ಬಂದಿದೆ. ಮಾಲೀಕರ ಬಳಿ ಕಲಬುರಗಿಗಾಗಿ ಬರೆಸಿದ 30 ಸೆಕೆಂಡಿನ ಜಾಹೀರಾತು ಇದೆ. ಅದು ರೇಡಿಯೊದಲ್ಲಿ ಬರಬೇಕು, ಆಟೋಗೆ ಕಟ್ಟಿದ ಮೈಕಿನಲ್ಲಿ ಬೀದಿ ಸುತ್ತಬೇಕು. "ಊರಿನ ಹೆಸರು, ಫೋನ್ ನಂಬರ್ ಬದಲಿಸಿ ಉಳಿದೆರಡು ಊರಿಗೂ ಹಾಕಿಬಿಡಿ" ಎಂಬುದು ಅವರ ಸೂಚನೆ. ಹಾಗೆ ಮಾಡಿದರೆ ಏನು ಕೆಡುತ್ತದೆ, ಬದಲಿಗೆ ಏನು ಮಾಡಬೇಕು ಎಂಬುದನ್ನು ಈ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ನೋಡೋಣ. ಅಂಗಡಿಯ ಹೆಸರು, ಊರು, ಫೋನ್ ನಂಬರ್ ಬಿಟ್ಟು ಮೂಲ ಬರಹ ಹೀಗಿದೆ:

"ಬಿಸಿಲು ಏರಿದೆ. ರಾತ್ರಿಯಾದರೂ ಕಲ್ಲಿನ ಮಾಳಿಗೆ ಜಳ ಬಿಡುತ್ತಿದೆ, ನಿದ್ದೆ ಬರುತ್ತಿಲ್ಲವೇ? ನಿಮ್ಮ ಕೋಣೆಗೆ ತಕ್ಕ ಕೂಲರ್ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಅಂಗಡಿಯಲ್ಲಿದೆ. ತೊಗರಿ ಮಾರಿದ ಹಣ ಕೈಯಲ್ಲಿರುವಾಗಲೇ ಬನ್ನಿ. ಹಳೆಯ ಕೂಲರ್ ಕೊಡಿ, ಹೊಸದನ್ನು ಒಯ್ಯಿರಿ. ಈ ಕೊಡುಗೆ ಯುಗಾದಿಯವರೆಗೆ ಮಾತ್ರ. ಹಳೆಯ ಕೂಲರಿನ ಬೆಲೆ ಅದರ ಸ್ಥಿತಿಯನ್ನು ಅವಲಂಬಿಸಿರುತ್ತದೆ."

ಕಲಬುರಗಿಯ ಮಟ್ಟಿಗೆ ಇದು ಒಳ್ಳೆಯ ಬರಹ. ಅದು ಆ ಊರಿಗೆ ಅಷ್ಟು ಚೆನ್ನಾಗಿ ಹೊಂದಿಕೊಂಡಿರುವುದೇ ಬೇರೆ ಊರಿಗೆ ಒಯ್ಯುವಾಗ ತೊಡಕಾಗುತ್ತದೆ.

ಮೊದಲು ಸಾಲುಗಳನ್ನು ಎರಡು ಬಣ್ಣದಲ್ಲಿ ಗುರುತಿಸಿ

ಬರಹವನ್ನು ಮುದ್ರಿಸಿಕೊಂಡು ಎರಡು ಪೆನ್ನು ಹಿಡಿದು ಕುಳಿತುಕೊಳ್ಳಿ. ಅಂಗಡಿ ಕೊಡುವ ಮಾತು ಎಲ್ಲೆಲ್ಲಿದೆಯೋ ಅಲ್ಲಿ ಕೆಂಪು ಗೆರೆ ಎಳೆಯಿರಿ: ಹಳೆಯದಕ್ಕೆ ಹೊಸದು, ಯುಗಾದಿಯವರೆಗೆ, ಬೆಲೆ ಸ್ಥಿತಿಯ ಮೇಲೆ. ಇವು ಮೂರೂ ಊರಿನಲ್ಲಿ, ಎಲ್ಲ ಭಾಷೆಯಲ್ಲಿ ಒಂದೇ ಅರ್ಥ ಕೊಡಬೇಕು. ಕೇಳುಗರ ಬದುಕನ್ನು ಊಹಿಸಿ ಬರೆದ ಮಾತುಗಳ ಕೆಳಗೆ ನೀಲಿ ಗೆರೆ ಎಳೆಯಿರಿ: ಕಲ್ಲಿನ ಮಾಳಿಗೆ, ರಾತ್ರಿಯ ಜಳ, ಸೂಪರ್ ಮಾರ್ಕೆಟ್, ತೊಗರಿಯ ಹಣ. ನೀಲಿ ಗೆರೆಯ ಸಾಲುಗಳನ್ನು ಅನುವಾದಿಸುವುದಕ್ಕೇ ಹೋಗಬೇಡಿ. ಅವನ್ನು ಅಳಿಸಿ, ಆ ಜಾಗದಲ್ಲಿ ಕೆಲಸವನ್ನು ಮಾತ್ರ ಬರೆದಿಡಿ: 'ಬಿಸಿಲು ಎಲ್ಲಿ ಕಾಡುತ್ತದೆ', 'ಅಂಗಡಿ ಎಲ್ಲಿದೆ', 'ಈಗಲೇ ಏಕೆ ಬರಬೇಕು'. ಪ್ರತಿ ಊರಿನಲ್ಲೂ ಈ ಮೂರು ಪ್ರಶ್ನೆಗೆ ಹೊಸ ಉತ್ತರ ಹುಡುಕಬೇಕು.

ಇಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ಎಚ್ಚರಿಕೆ ಇದೆ. ಊರಿನ ಅಥವಾ ಗುರುತಿನ ಹೆಸರಿನ ಜಾಗವನ್ನಷ್ಟೇ ಖಾಲಿ ಬಿಟ್ಟು ಮಾದರಿ ತಯಾರಿಸಿದರೆ ವಿಭಕ್ತಿ ಕೈಕೊಡುತ್ತದೆ. 'ಕಲಬುರಗಿಯಲ್ಲಿ' ಎನ್ನುವ ಕಡೆ 'ಬೀದರ್‌ಯಲ್ಲಿ' ಎಂದು ಮುದ್ರಿಸಿದ ಕರಪತ್ರಗಳು ಬರುವುದು ಹೀಗೆಯೇ. ಆದ್ದರಿಂದ ಖಾಲಿ ಬಿಡುವುದಾದರೆ ಪದವನ್ನಲ್ಲ, ಇಡೀ ವಾಕ್ಯವನ್ನೇ ಖಾಲಿ ಬಿಡಿ.

ಕಾರಣ ಊರಿನದೇ ಆಗಿರಲಿ

ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ಭಾಷೆ ತಪ್ಪಿದರೆ ಯಾರಾದರೂ ತಿದ್ದುತ್ತಾರೆ. ಕಾರಣ ತಪ್ಪಿದರೆ ಯಾರೂ ಹೇಳುವುದಿಲ್ಲ, ಜನ ಸುಮ್ಮನೆ ಅಂಗಡಿಗೆ ಬರುವುದಿಲ್ಲ.

ಬಿಸಿಲನ್ನೇ ತೆಗೆದುಕೊಳ್ಳಿ. ಮೂರೂ ಜಿಲ್ಲೆಗಳು ಕಲ್ಯಾಣ ಕರ್ನಾಟಕದವೇ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ಸಮಯವೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಆದರೂ ಬಿಸಿಲು ಎಲ್ಲ ಕಡೆ ಒಂದೇ ರೀತಿ ಕಾಡುವುದಿಲ್ಲ. ಬೀದರ್ ಪ್ರಸ್ಥಭೂಮಿಯ ಮೇಲಿನ ಊರು, ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ, ಭೀಮಾ ನದಿಯ ಬದಿಯ ಯಾದಗಿರಿ 400 ಮೀಟರಿಗಿಂತ ತಗ್ಗಿನಲ್ಲಿದೆ. ಕಲಬುರಗಿಯಲ್ಲಿ ಹಗಲಿಡೀ ಕಾದ ಕಲ್ಲು ಮತ್ತು ಸಿಮೆಂಟು ರಾತ್ರಿ ಬಹಳ ಹೊತ್ತು ಬಿಸಿ ಬಿಡುತ್ತವೆ. ಅದಕ್ಕೇ ರಾತ್ರಿಯ ನಿದ್ದೆಯ ಮಾತು ಅಲ್ಲಿ ನಾಟುತ್ತದೆ. ಬೀದರಿನಲ್ಲಿ ಬೇಸಿಗೆಯ ರಾತ್ರಿಗೆ ಅಷ್ಟು ಕಾವು ಇರುವುದಿಲ್ಲ. "ನಿದ್ದೆ ಬರುತ್ತಿಲ್ಲವೇ?" ಎಂದು ಕೇಳಿದರೆ, "ಬರುತ್ತಿದೆಯಲ್ಲ" ಎಂದುಕೊಂಡು ಕೇಳುಗ ಮುಂದೆ ನಡೆಯುತ್ತಾನೆ. ಅಲ್ಲಿ ಮಧ್ಯಾಹ್ನದ ಮಾತು ಆಡಬೇಕು: ಅಂಗಡಿಯಲ್ಲಿ ಗಲ್ಲೆಯ ಮೇಲೆ ಕುಳಿತವರು, ಪರೀಕ್ಷೆಗೆ ಓದುತ್ತಿರುವ ಮಕ್ಕಳು, ಮನೆಗೆ ಬಂದ ನೆಂಟರು. ಯಾದಗಿರಿಯಲ್ಲಿ ಹಗಲಿನ ಧಗೆಯೇ ಮುಖ್ಯ. "ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಬೀಸುತ್ತಿದೆಯೇ?" ಎಂಬ ಒಂದು ಪ್ರಶ್ನೆ ಸಾಕು.

ಇದನ್ನು ಮೇಜಿನ ಮುಂದೆ ಕುಳಿತು ಊಹಿಸಬಾರದು. ಆಯಾ ಶಾಖೆಯಲ್ಲಿ ಮಾರಾಟಕ್ಕೆ ನಿಲ್ಲುವ ಹುಡುಗರನ್ನು ಕೇಳಿ: "ಗಿರಾಕಿ ಒಳಗೆ ಬಂದ ಕೂಡಲೇ ಮೊದಲು ಏನು ಕೇಳುತ್ತಾರೆ?" ಒಂದು ಕಡೆ ಟ್ಯಾಂಕಿನಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂದು ಕೇಳುತ್ತಾರೆ, ಏಕೆಂದರೆ ಅಲ್ಲಿ ನಳದ ನೀರು ದಿನ ಬಿಟ್ಟು ದಿನ ಬರುತ್ತಿರಬಹುದು. ಇನ್ನೊಂದು ಕಡೆ ಇನ್ವರ್ಟರ್ ಮೇಲೆ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಕೊಳವೆಬಾವಿಯ ಗಡಸು ನೀರಿರುವ ಕಡೆ ಪ್ಯಾಡಿಗೆ ಉಪ್ಪು ಕಟ್ಟುವ ಚಿಂತೆ. ಆ ಮೊದಲ ಪ್ರಶ್ನೆಯೇ ನಿಮ್ಮ ಜಾಹೀರಾತಿನ ಮೊದಲ ಸಾಲು.

'ಈಗಲೇ ಏಕೆ' ಎಂಬುದೂ ಊರಿಂದ ಊರಿಗೆ ಬೇರೆ. ಕಲಬುರಗಿ ತೊಗರಿಯ ನಾಡು. ಅಲ್ಲಿಯ ಬೆಳೆ ಚಳಿಗಾಲದಲ್ಲಿ ಒಕ್ಕಣೆಯಾಗಿ ನೆಹರು ಗಂಜಿನ ಮಾರುಕಟ್ಟೆಗೆ ಬರುತ್ತದೆ, ಆದ್ದರಿಂದ ಬೇಸಿಗೆಯ ಬಾಗಿಲಲ್ಲಿ ರೈತರ ಕೈಯಲ್ಲಿ ಸ್ವಲ್ಪ ಹಣ ಇರುತ್ತದೆ. ಬೀದರಿನಲ್ಲಿ ಸೋಯಾ, ಉದ್ದು, ಹೆಸರು ಮುಂಗಾರಿನ ಬೆಳೆಗಳು. ಆ ಹಣ ದಸರಾ, ದೀಪಾವಳಿಯ ಹೊತ್ತಿಗೆ ಬಂದು ಮಾರ್ಚ್ ತಿಂಗಳಿಗೆ ಖರ್ಚಾಗಿರುತ್ತದೆ. ಅಲ್ಲಿಗೆ ತೊಗರಿಯ ಸಾಲನ್ನು ಒಯ್ದರೆ ಅದು ಅಷ್ಟಾಗಿ ನಾಟುವುದಿಲ್ಲ. ಅಂಗಡಿ ನಿಜವಾಗಿ ಕಂತಿನಲ್ಲಿ ಕೊಡುವುದಾದರೆ ಬೀದರಿನ ಬರಹದಲ್ಲಿ ಕಂತಿನ ಮಾತು ಮುಂದೆ ಬರಲಿ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಕೃಷ್ಣೆಯ ಕಾಲುವೆ ನೀರುಂಡ ಭತ್ತ, ಹತ್ತಿ, ಮೆಣಸಿನಕಾಯಿ ಇವೆ. ಗುರುಮಠಕಲ್ ಕಡೆಯ ಲೆಕ್ಕ ಬೇರೆ. ಒಂದೇ ಬೆಳೆಯ ಹೆಸರು ಇಡೀ ಜಿಲ್ಲೆಗೆ ಹೊಂದುವುದಿಲ್ಲವಾದ್ದರಿಂದ ಯಾದಗಿರಿಯ ಬರಹದಲ್ಲಿ ಬೆಳೆಯನ್ನೇ ಬಿಟ್ಟುಬಿಡುವುದು ಲೇಸು.

ಅದರ ಬದಲು ಅಲ್ಲಿಯ ಜನರ ಇನ್ನೊಂದು ರೂಢಿ ನೋಡಿ. ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲಿರುವ ಯಾದಗಿರಿಯವರು ದೊಡ್ಡ ಖರೀದಿಗೆ ರೈಲು ಹತ್ತಿ ಕಲಬುರಗಿಗೋ ರಾಯಚೂರಿಗೋ ಹೋಗಿ ಬರುತ್ತಾರೆ. ಬೀದರಿನವರಿಗೆ ಆ ಜಾಗದಲ್ಲಿ ಹೈದರಾಬಾದ್ ಇದೆ. ಹಾಗಾಗಿ ಎರಡೂ ಊರಿಗೆ "ಇಲ್ಲೇ ಸಿಗುತ್ತದೆ" ಎಂಬ ಸಾಲು ಬೇಕು, ಆದರೆ 'ಎಲ್ಲಿಗೆ ಹೋಗಬೇಕಿಲ್ಲ' ಎಂಬುದು ಬದಲಾಗುತ್ತದೆ. ಕಲಬುರಗಿಯ ಬರಹದಲ್ಲಿ ಈ ಸಾಲಿಗೆ ಜಾಗವೇ ಇರಲಿಲ್ಲ. ಒಂದು ಊರಿನ ಬರಹದಲ್ಲಿ ಇಲ್ಲದ ಸಾಲು ಇನ್ನೊಂದರಲ್ಲಿ ಹುಟ್ಟಿಕೊಳ್ಳುವುದು ಸರಿಯಾದ ಬೆಳವಣಿಗೆ. ಸಾಲಿಗೆ ಸಾಲು ಹೊಂದಬೇಕೆಂಬ ಹಠ ಬೇಡ.

ಗುರುತು ಹೇಳುವಾಗ

ಅಂಗಡಿಯ ವಿಳಾಸಕ್ಕೆ ಗುರುತು ಆರಿಸುವ ಮುನ್ನ ಗಿರಾಕಿ ಯಾವ ದಿಕ್ಕಿನಿಂದ ಬರುತ್ತಾನೆ ಎಂದು ನೋಡಬೇಕು. ಹಳ್ಳಿಯಿಂದ ಬಸ್ಸಿನಲ್ಲಿ ಬರುವವನಿಗೆ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣ ಗೊತ್ತು. ನಗರದವನಿಗೆ ಸೂಪರ್ ಮಾರ್ಕೆಟ್, ಜಗತ್ ವೃತ್ತ ಎಂದರೆ ಸಾಕು. ಆದ್ದರಿಂದ ಹಳ್ಳಿಗಳಿಗೆ ಹೋಗುವ ಆಟೋದಲ್ಲಿ "ಬಸ್ ನಿಲ್ದಾಣದಿಂದ ಸೂಪರ್ ಮಾರ್ಕೆಟ್ ಕಡೆ ಬನ್ನಿ" ಎಂದೂ ನಗರದ ಆಟೋದಲ್ಲಿ "ಸೂಪರ್ ಮಾರ್ಕೆಟ್ ಹತ್ತಿರ" ಎಂದೂ ಇರಬಹುದು.

ಬೀದರಿನಲ್ಲಿ ಹಳೆಯ ಊರು, ಹೊಸ ಬಡಾವಣೆ ಎಂಬ ಭೇದ ಇನ್ನೂ ಗಟ್ಟಿಯಾಗಿದೆ. ಕೋಟೆಯ ಬದಿಯ ಹಳೆಯ ಊರಿನವರಿಗೆ ಚೌಬಾರಾ, ಗವಾನ್ ಮದರಸಾ ನಿತ್ಯದ ಗುರುತುಗಳು. ಅಂಗಡಿ ಹೊಸ ಭಾಗದಲ್ಲಿದ್ದರೆ ಚೌಬಾರಾದ ಹೆಸರು ಎತ್ತುವುದರಿಂದ ದಾರಿ ತಪ್ಪಿಸಿದಂತಾಗುತ್ತದೆ, ಎಷ್ಟೇ ಚೆಂದದ ಗೋಪುರವಾಗಿದ್ದರೂ. ಪ್ರವಾಸಿಗರಿಗೆ ಪ್ರಸಿದ್ಧವಾದದ್ದು ಊರಿನವರಿಗೆ ವಿಳಾಸವಾಗಬೇಕೆಂದಿಲ್ಲ. ಯಾದಗಿರಿಯ ಕೋಟೆ ಬೆಟ್ಟ ಎಲ್ಲರಿಗೂ ಕಾಣುತ್ತದೆ. ಎಲ್ಲ ಕಡೆಯಿಂದಲೂ ಕಾಣುವುದರಿಂದಲೇ ಅದು ಅಂಗಡಿ ಎಲ್ಲಿದೆ ಎಂದು ಹೇಳುವುದಿಲ್ಲ. ರೈಲು ನಿಲ್ದಾಣ ಅಥವಾ ಸುಭಾಷ್ ವೃತ್ತ ಎಂದರೆ ಕಾಲು ತಾನಾಗಿ ಅತ್ತ ಹೋಗುತ್ತದೆ.

'ಗಂಜ್' ಎಂಬ ಪದದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಲಬುರಗಿಯಲ್ಲಿ ನೆಹರು ಗಂಜ್ ಇದೆ, ಬೀದರಿನಲ್ಲಿ ಗಾಂಧಿ ಗಂಜ್ ಇದೆ. ಎರಡೂ ಕಡೆ ಜನ ಬರೀ 'ಗಂಜ್' ಎನ್ನುತ್ತಾರೆ. ಆಟೋದ ಮೈಕಿನಲ್ಲಿ ಇದರಿಂದ ತೊಂದರೆಯಿಲ್ಲ. ರೇಡಿಯೊ ಮಾತ್ರ ಜಿಲ್ಲೆಯ ಗಡಿಗೆ ನಿಲ್ಲುವುದಿಲ್ಲ. ಒಂದೇ ಜಾಹೀರಾತು ಎರಡು ಜಿಲ್ಲೆಯವರ ಕಿವಿಗೆ ಬೀಳುತ್ತದೆ. ರೇಡಿಯೊದ ಬರಹದಲ್ಲಿ ಗುರುತಿಗೂ ಮುನ್ನ ಊರಿನ ಹೆಸರು ಬರಲೇಬೇಕು.

ದೇವಸ್ಥಾನ, ದರ್ಗಾ, ಗುರುದ್ವಾರ, ಬುದ್ಧ ವಿಹಾರಗಳ ಹೆಸರನ್ನು ವಿಳಾಸವಾಗಿ ಬಳಸಬಹುದು, ಗೌರವದಿಂದ ಪೂರ್ತಿ ಹೆಸರು ಹೇಳಿ. ಆ ಹೆಸರಿನ ಭಕ್ತಿಯನ್ನು ಸರಕು ಮಾರಲು ಬಳಸುವುದನ್ನು ನಾನು ಒಪ್ಪುವುದಿಲ್ಲ. ಶರಣಬಸವೇಶ್ವರ ಜಾತ್ರೆಗೆ ಹಳ್ಳಿಹಳ್ಳಿಯಿಂದ ಜನ ಬರುತ್ತಾರೆ, ಅದು ಹೋಳಿಯ ನಂತರದ ದಿನಗಳಲ್ಲೇ, ಕೂಲರ್ ಕೊಳ್ಳುವ ಕಾಲದ ಆರಂಭದಲ್ಲೇ ಬರುತ್ತದೆ. ಆ ವಾರ ಕಲಬುರಗಿಯಲ್ಲಿ ಆಟೋಗಳನ್ನು ಹೆಚ್ಚಿಸಿ. ಶರಣಬಸವೇಶ್ವರರ ಹೆಸರಿನಲ್ಲಿ ರಿಯಾಯಿತಿ ಎಂದು ಕೂಗಿಸಬೇಡಿ.

ಯಾವ ಭಾಷೆ, ಎಷ್ಟು

ಭಾಷೆಯನ್ನು ಜಿಲ್ಲೆಗೆ ಒಂದರಂತೆ ಹಂಚಲು ಬರುವುದಿಲ್ಲ. ಆಟೋ ಸಾಗುವ ದಾರಿಗೆ ತಕ್ಕಂತೆ ಹಂಚಬೇಕು. ಮೂರೂ ಊರಿನಲ್ಲಿ ಕನ್ನಡ ಮೊದಲು. ಕಲಬುರಗಿ ಮತ್ತು ಬೀದರ್ ನಗರದೊಳಗೆ ಕನ್ನಡದ ನಂತರ ದಖ್ಖನಿ ಉರ್ದು ಬಲ್ಲವರಿಗೆ ತಿಳಿಯುವ ಒಂದು ಹಿಂದೂಸ್ತಾನಿ ಬರಹ. ಭಾಲ್ಕಿ, ಔರಾದ್ ಕಡೆ ಹೋಗುವ ಆಟೋದಲ್ಲಿ ಮರಾಠಿ. ಗುರುಮಠಕಲ್ ಕಡೆ, ತೆಲಂಗಾಣದ ಅಂಚಿನ ಸಂತೆಗಳಿಗೆ ತೆಲುಗು. ಶಹಾಪುರ, ಸುರಪುರಕ್ಕೆ ಕನ್ನಡವೊಂದೇ ಸಾಕು. ಹೀಗೆ ಊರು ಮತ್ತು ಭಾಷೆಯನ್ನಷ್ಟೇ ಲೆಕ್ಕ ಹಾಕಿದರೆ ಒಟ್ಟು ಏಳು ಧ್ವನಿಮುದ್ರಣಗಳಾಗುತ್ತವೆ: ಕನ್ನಡದ್ದು ಮೂರು, ಹಿಂದೂಸ್ತಾನಿ ಎರಡು, ಮರಾಠಿ ಒಂದು, ತೆಲುಗು ಒಂದು. ಅದಕ್ಕಿಂತ ಹೆಚ್ಚು ಮಾಡಿದರೆ ನೋಡಿಕೊಳ್ಳುವುದು ಕಷ್ಟ.

ಒಂದೇ ಜಾಹೀರಾತಿನೊಳಗೆ ಎರಡು ಭಾಷೆ ಕಲಸಬೇಡಿ. ಆಟೋ ನಡೆಯುತ್ತಿರುತ್ತದೆ. ಬಾಗಿಲಲ್ಲಿ ನಿಂತವರ ಕಿವಿಗೆ ಅದರ ಮಾತು ಹತ್ತು ಹದಿನೈದು ಸೆಕೆಂಡು ಬಿದ್ದರೆ ಹೆಚ್ಚು. ಅಷ್ಟರಲ್ಲಿ ಭಾಷೆ ಬದಲಾದರೆ ಯಾರಿಗೂ ಪೂರ್ತಿ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಆಟೋದ ಬರಹದಲ್ಲಿ ಅಂಗಡಿಯ ಹೆಸರು ಎರಡು ಸಲ ಬರಬೇಕು. ರೇಡಿಯೊಕ್ಕೆ ಒಂದು ಸಲ ಸಾಕಾಗುತ್ತದೆ.

ಹಿಂದೂಸ್ತಾನಿ ಬರಹದಲ್ಲಿ "ಹೈದರಾಬಾದ್ ಜಾನೇ ಕೀ ಜರೂರತ್ ನಹೀಂ" ಎಂದಿರಲಿ. 'ಆವಶ್ಯಕತಾ' ಎಂದು ಬರೆದರೆ ರೈಲು ನಿಲ್ದಾಣದ ಸೂಚನೆ ಕೇಳಿದಂತಾಗುತ್ತದೆ. ಹಾಗೆಂದು ದಖ್ಖನಿಯ ಮಾತಿನ ಚಾಳಿಗಳನ್ನು ಆರಿಸಿ ಆರಿಸಿ ತುಂಬಲೂ ಬಾರದು. ಹಾಸ್ಯದ ಕಾರ್ಯಕ್ರಮಗಳು ಆ ಭಾಷೆಯನ್ನು ಅಣಕಿಸಲು ಮಾಡುವುದು ಅದನ್ನೇ, ಮನೆಯಲ್ಲಿ ಅದನ್ನಾಡುವವರಿಗೆ ನೋವಾಗುತ್ತದೆ. ಕನ್ನಡಕ್ಕೂ ಇದೇ ಮಾತು. ಬೆಂಗಳೂರಿನ ಕಲಾವಿದ ಕಲಬುರಗಿಯ ಮಾತನ್ನು ಅನುಕರಿಸಿ ಓದುವುದಕ್ಕಿಂತ, ಸರಳ ಕನ್ನಡದಲ್ಲಿ ಮಾಳಿಗೆ, ತಗಡು, ಜಳ, ಧಗೆ ಎಂಬ ಇಲ್ಲಿಯ ಪದಗಳನ್ನಿಟ್ಟು ಓದುವುದು ಎಷ್ಟೋ ಮೇಲು.

ಮರಾಠಿ, ತೆಲುಗು ಬರಹಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಕನ್ನಡದ ಉದ್ಘೋಷಕರಿಂದಲೇ ಓದಿಸುವ ರೂಢಿ ಇದೆ, ಹಣ ಉಳಿಯುತ್ತದೆ ಎಂದು. ತೆಲುಗಿಗೆ ಇದು ಹೇಗೋ ನಡೆಯುತ್ತದೆ: "ಎಂಡಲು ಮೊದಲಯ್ಯಾಯಿ. ಮೀ ಗದಿಕಿ ತಗಿನ ಕೂಲರ್ ಯಾದಗಿರಿಲೋ ದೊರುಕುತುಂದಿ." ಮರಾಠಿಗೆ ನಡೆಯುವುದಿಲ್ಲ. ಅಲ್ಲಿ 'ಚ' ಅಕ್ಷರಕ್ಕೆ ಎರಡು ಉಚ್ಚಾರಗಳಿವೆ, ಅವನ್ನು ನಮ್ಮ ಲಿಪಿ ಬೇರೆಯಾಗಿ ತೋರಿಸುವುದಿಲ್ಲ. ಭಾಲ್ಕಿಯ ಅಜ್ಜಿಗೆ ಒಂದೇ ವಾಕ್ಯದಲ್ಲಿ ಓದುವವರು ಹೊರಗಿನವರೆಂದು ತಿಳಿದುಬಿಡುತ್ತದೆ. ಮನೆಯಲ್ಲಿ ಮರಾಠಿ ಮಾತನಾಡುವವರನ್ನೇ ಕರೆಸಿ ಓದಿಸಿ.

ಉದ್ದವನ್ನು ಗಡಿಯಾರದಿಂದ ಅಳೆಯಿರಿ

30 ಸೆಕೆಂಡಿಗೆ ಕನ್ನಡದಲ್ಲಿ ಸುಮಾರು 50ರಿಂದ 55 ಪದ ಸಾಕು. ಆದರೆ ಪದ ಎಣಿಸಿ ಬೇರೆ ಭಾಷೆಗೆ ಹೋಗಬೇಡಿ. ಕನ್ನಡದಲ್ಲಿ 'ಬೀದರಿನಲ್ಲಿ' ಎಂಬುದು ಒಂದು ಪದ, ಹಿಂದೂಸ್ತಾನಿಯಲ್ಲಿ 'ಬೀದರ್ ಮೇಂ' ಎರಡು. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು, ಉದ್ಘೋಷಕರ ವೇಗದಲ್ಲಿ ಗಟ್ಟಿಯಾಗಿ ಓದಿ. 27 ಸೆಕೆಂಡಿಗೆ ಮುಗಿಯಬೇಕು, ಉಳಿದದ್ದು ಉಸಿರಿಗೆ. ಉದ್ದವಾದರೆ ನೀಲಿ ಸಾಲನ್ನು ಕತ್ತರಿಸಿ. ಕೆಂಪು ಸಾಲನ್ನು, ಅದರಲ್ಲೂ ಕೊನೆಯ ಷರತ್ತನ್ನು ಮುಟ್ಟಬೇಡಿ.

ಆ ಷರತ್ತಿನ ಬಗ್ಗೆ ಕಾನೂನೂ ಇದೆ. ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮರಾಠಿಯಲ್ಲಿ ಕೊಡುಗೆ ಹೇಳಿ, ಷರತ್ತನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಗಡಿಬಿಡಿಯಿಂದ ಓದಿ ಮುಗಿಸುವಂತಿಲ್ಲ. ಹಾಗೆಯೇ ಭಾಷೆ ಬದಲಾಗುವಾಗ ಮಾತು ದೊಡ್ಡದಾಗಿಬಿಡುವ ಅಪಾಯವಿದೆ. 'ಕೋಣೆಗೆ ತಕ್ಕ ಕೂಲರ್' ಎಂಬುದು ಒಬ್ಬರ ಕೈಯಲ್ಲಿ 'ಎಸಿಯಂತಹ ತಂಪು' ಆಗುತ್ತದೆ. ಕೂಲರ್ ನೀರು ಆವಿಯಾಗುವುದರಿಂದ ತಂಪು ಕೊಡುವ ಯಂತ್ರ. ಗಾಳಿ ಒಣಗಿದ್ದು ಕಿಟಕಿ ತೆರೆದಿದ್ದರೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ತೇವದಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರತಿ ಭಾಷೆಯ ಬರಹವನ್ನೂ ಇನ್ನೊಬ್ಬರಿಂದ ಬಾಯಿಮಾತಿನಲ್ಲಿ ಕನ್ನಡಕ್ಕೆ ಹೇಳಿಸಿ, ಕೆಂಪು ಸಾಲುಗಳೊಂದಿಗೆ ತಾಳೆ ನೋಡಿ.

ಎಲ್ಲ ಮುಗಿದ ಮೇಲೆ ಬೀದರಿನ ಕನ್ನಡ ಬರಹ ಹೀಗೆ ನಿಲ್ಲುತ್ತದೆ:

"ಮಧ್ಯಾಹ್ನ ಅಂಗಡಿಯಲ್ಲಿ ಕೂರಲಾಗುತ್ತಿಲ್ಲವೇ? ಮಕ್ಕಳ ಓದಿಗೆ ಧಗೆ ಅಡ್ಡಿಯೇ? ನಿಮ್ಮ ಕೋಣೆಗೆ ತಕ್ಕ ಕೂಲರ್ ಬೀದರಿನಲ್ಲೇ ಇದೆ, ಹೈದರಾಬಾದಿಗೆ ಹೋಗಬೇಕಿಲ್ಲ. ಗಾಂಧಿ ಗಂಜ್ ಹತ್ತಿರ ನಮ್ಮ ಅಂಗಡಿಗೆ ಬನ್ನಿ. ಕಂತಿನಲ್ಲೂ ಕೊಳ್ಳಬಹುದು. ಹಳೆಯ ಕೂಲರ್ ಕೊಡಿ, ಹೊಸದನ್ನು ಒಯ್ಯಿರಿ. ಈ ಕೊಡುಗೆ ಯುಗಾದಿಯವರೆಗೆ ಮಾತ್ರ. ಹಳೆಯ ಕೂಲರಿನ ಬೆಲೆ ಅದರ ಸ್ಥಿತಿಯನ್ನು ಅವಲಂಬಿಸಿರುತ್ತದೆ."

ಯಾದಗಿರಿಯದು ಇನ್ನೂ ಚಿಕ್ಕದು: "ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಬೀಸುತ್ತಿದೆಯೇ? ಕೂಲರಿಗಾಗಿ ರೈಲು ಹತ್ತಬೇಕಿಲ್ಲ. ನಿಮ್ಮ ಕೋಣೆಗೆ ತಕ್ಕದ್ದು ಯಾದಗಿರಿಯಲ್ಲೇ, ಸುಭಾಷ್ ವೃತ್ತದ ಹತ್ತಿರ ನಮ್ಮ ಅಂಗಡಿಯಲ್ಲಿದೆ." ಕೊನೆಯ ಮೂರು ವಾಕ್ಯಗಳು ಬೀದರಿನಲ್ಲಿದ್ದಂತೆಯೇ.

ಮುದ್ರಿಸುವ ಮುನ್ನ ಮೂವರ ಕಿವಿಗೆ ಹಾಕಿ

ಉದ್ಘೋಷಕರನ್ನು ಕರೆಸುವ ಮುನ್ನ ಬರಹವನ್ನು ಮೊಬೈಲಿನಲ್ಲಿ ನೀವೇ ಓದಿ ಮುದ್ರಿಸಿ, ಆಯಾ ಊರಿನ ಮೂವರಿಗೆ ಕೇಳಿಸಿ: ಒಬ್ಬ ಆಟೋ ಚಾಲಕ, ಸಂತೆಗೆ ಬಂದ ಒಬ್ಬ ಹೆಂಗಸು, ಒಬ್ಬ ಕಿರಾಣಿ ಅಂಗಡಿಯವರು. ಒಂದೇ ಸಲ ಕೇಳಿಸಬೇಕು. "ಹೇಗಿದೆ?" ಎಂದು ಕೇಳಬೇಡಿ, ನಮ್ಮ ಜನ ಮುಖ ನೋಡಿ "ಚೆನ್ನಾಗಿದೆ" ಎನ್ನುತ್ತಾರೆ. "ಅಂಗಡಿ ಎಲ್ಲಿದೆಯಂತೆ ಅಣ್ಣ?", "ಅಕ್ಕ, ಹಳೆಯದು ಕೊಟ್ಟರೆ ಏನು ಸಿಗುತ್ತದಂತೆ?", "ಯಾವಾಗಿನವರೆಗೆ?" ಎಂದು ಕೇಳಿ. ಇಬ್ಬರು ಒಂದೇ ಕಡೆ ತಡವರಿಸಿದರೆ ಆ ಸಾಲು ಬದಲಾಗಬೇಕು. ಈ ಬರಹದಲ್ಲಿ ಎಡವುವ ಸಾಧ್ಯತೆ ಇರುವುದು 'ಹೊಸದನ್ನು ಒಯ್ಯಿರಿ' ಎಂಬಲ್ಲಿ: ಹಳೆಯದು ಕೊಟ್ಟರೆ ಹೊಸದು ಪುಕ್ಕಟೆ ಎಂದು ಕೆಲವರು ತಿಳಿಯುತ್ತಾರೆ. ಹಾಗಾದರೆ "ಹಳೆಯ ಕೂಲರ್ ಕೊಡಿ, ಹೊಸದರ ಬೆಲೆಯಲ್ಲಿ ಅದನ್ನು ಕಳೆಯುತ್ತೇವೆ" ಎಂದು ತಿದ್ದಿ. ಇದು ಕೆಂಪು ಸಾಲಾದ್ದರಿಂದ ಏಳೂ ಬರಹಗಳಲ್ಲಿ ಅದೇ ದಿನ ತಿದ್ದಬೇಕು.

ಬೀದಿಗೆ ಇಳಿಸುವ ಹೊತ್ತು

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಮಾರ್ಚ್–ಏಪ್ರಿಲ್ ಪರೀಕ್ಷೆಯ ಕಾಲದಲ್ಲಿ ಇದನ್ನು ಚಾಲಕರಿಗೆ ಒತ್ತಿ ಹೇಳಿ. ಬಿಸಿಲು ಏರಿದ ಮೇಲೆ ಮಧ್ಯಾಹ್ನ 1ರಿಂದ 4ರವರೆಗೆ ಬೀದಿ ಖಾಲಿ, ಆಗ ಆಟೋ ಓಡಿಸುವುದು ಇಂಧನಕ್ಕೆ ದಂಡ. ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8 ಸರಿಯಾದ ಹೊತ್ತು. ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಅದು ಮಾರಾಟದ ಕಾಲದೊಳಗೆ ಬಂದ ವರ್ಷ ಕಲಬುರಗಿ, ಬೀದರಿನ ಹಳೆಯ ಬೀದಿಗಳಲ್ಲಿ ಇಫ್ತಾರಿನ ಹೊತ್ತು ಆಟೋ ನಿಲ್ಲಿಸಿ, ರಾತ್ರಿ ಪೇಟೆ ತೆರೆದಿರುವಾಗ 10 ಗಂಟೆಯೊಳಗೆ ಮತ್ತೊಂದು ಸುತ್ತು ಹಾಕಿಸಿ. ಹಳ್ಳಿಗಳ ಆಟೋಗಳನ್ನು ಸಂತೆಯ ದಿನಕ್ಕೆ ಹೊಂದಿಸಿ.

ಏಳು ಧ್ವನಿಮುದ್ರಣಗಳು ಚಾಲಕರ ಪೆನ್‌ಡ್ರೈವಿನಲ್ಲಿ ಅದಲುಬದಲಾಗುವುದು ಸಾಮಾನ್ಯ. ಗುರುಮಠಕಲ್ಲಿನಲ್ಲಿ ಮರಾಠಿ ಕೂಗಿದರೆ ಆ ದಿನದ ಬಾಡಿಗೆ ಹೋದಂತೆ. ಪ್ರತಿ ಚಾಲಕನಿಗೆ ಅವನ ದಾರಿಯ ಮುದ್ರಣವನ್ನಷ್ಟೇ ಕೊಡಿ. ಕಡತದ ಹೆಸರಿನಲ್ಲೇ ಊರು, ಭಾಷೆ, ಕೊನೆಯ ದಿನ ಇರಲಿ. ಯಾವ ಬರಹ ಕೆಲಸ ಮಾಡಿತು ಎಂದು ತಿಳಿಯಲು ಬಿಲ್ ಬರೆಯುವಾಗ ಗಿರಾಕಿಯ ಊರು ಮತ್ತು "ಎಲ್ಲಿ ಕೇಳಿದಿರಿ?" ಎಂಬ ಪ್ರಶ್ನೆಯ ಉತ್ತರವನ್ನು ಬಿಲ್ಲಿನ ಹಿಂದೆ ಬರೆದುಕೊಳ್ಳುವುದು ಸಾಕು. ಯುಗಾದಿ ಮುಗಿದ ಮರುದಿನ ಕೊಡುಗೆಯ ಸಾಲಿರುವ ಎಲ್ಲ ಮುದ್ರಣಗಳನ್ನು ಚಾಲಕರಿಂದ ಮರಳಿ ಪಡೆದು, ಕೊಡುಗೆಯಿಲ್ಲದ ಬರಹ ಕೊಡಿ. ಅದರಲ್ಲಿ ನೀಲಿ ಸಾಲುಗಳು ಹಾಗೆಯೇ ಇರಬಹುದು. ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಊರಿನಲ್ಲಿ ಅದನ್ನೂ ನಿಲ್ಲಿಸಿ, ಉಳಿದ ಊರಿನಲ್ಲಿ ಮಳೆ ಬರುವವರೆಗೆ ಮುಂದುವರಿಸಿ.